ಅವಳಿ ಮಕ್ಕಳಿಗೆ ಜೋಡಿ ಹೆಸರು: ತೊಟ್ಟಿಲಿಗೆ ಹಾಕುವ ಮೊದಲು ಕಾಗದಕ್ಕೆ ಹಾಕಿ ನೋಡಿ

ರೇಷನ್ ಕಾರ್ಡಿನ ಇ-ಕೆವೈಸಿ ಮಾಡಿಸಲು ನನ್ನ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ನ್ಯಾಯಬೆಲೆ ಅಂಗಡಿಗೆ ಹೋಗಿದ್ದ. ನಾನೂ ಜೊತೆಗಿದ್ದೆ. ಅವಳಿ ಮಕ್ಕಳು, ಆಗ ಒಂಬತ್ತು ವರ್ಷ. ದೊಡ್ಡವಳು ಹೆಬ್ಬೆರಳು ಒತ್ತಿದಳು. ಹೊಂದಲಿಲ್ಲ. ಲಂಗಕ್ಕೆ ಒರೆಸಿಕೊಂಡು ಮತ್ತೆ ಒತ್ತಿದಳು. ಬೇರೆ ಬೆರಳು ಇಟ್ಟಳು. ಊಹೂಂ. ಪಕ್ಕದಲ್ಲಿ ನಿಂತಿದ್ದ ಸಣ್ಣವಳಿಗೆ ಕಾದು ಬೇಜಾರಾಗಿತ್ತು. ಅವಳು ಸುಮ್ನೆ ಕೈ ಚಾಚಿ ತನ್ನ ಬೆರಳು ಇಟ್ಟುಬಿಟ್ಟಳು. ಯಂತ್ರ ತಕ್ಷಣ ಒಪ್ಪಿಕೊಂಡಿತು. ಪರದೆಯ ಮೇಲೆ ಇದ್ದದ್ದು ಅಕ್ಕನ ಹೆಸರು.

ಮಕ್ಕಳ ಹೆಸರು ಬದಲಿಸಿ ಬರೆಯುತ್ತೇನೆ. ಒಬ್ಬಳು ದಿಯಾ ಪೊನ್ನಮ್ಮ, ಇನ್ನೊಬ್ಬಳು ದಿವ್ಯಾ ಪೊನ್ನಮ್ಮ ಎಂದುಕೊಳ್ಳಿ. ಐದು ವರ್ಷ ತುಂಬಿದಾಗ ಇಬ್ಬರನ್ನೂ ಒಂದೇ ದಿನ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೆರಳಚ್ಚು ಕೊಡಿಸಿದ್ದರು. ಅಲ್ಲಿ ಒಬ್ಬಳ ನಂಬರ್ ತೆರೆದು ಇನ್ನೊಬ್ಬಳ ಬೆರಳು ತೆಗೆದುಕೊಂಡಿದ್ದಾರೆ. ಮುಖ ಒಂದೇ ಥರ ಇದ್ದದ್ದರಿಂದ ಫೋಟೋ ನೋಡಿಯೂ ಯಾರಿಗೂ ಗೊತ್ತಾಗಲಿಲ್ಲ. ನಾಲ್ಕು ವರ್ಷ ಅಕ್ಕನ ಆಧಾರ್‌ನಲ್ಲಿ ತಂಗಿಯ ಬೆರಳು, ತಂಗಿಯ ಆಧಾರ್‌ನಲ್ಲಿ ಅಕ್ಕನ ಬೆರಳು ಇತ್ತು.

ನಾನು ಶಾಲೆಯಲ್ಲಿ ಪಾಠ ಹೇಳುವುದರ ಜೊತೆಗೆ ವರ್ಷಗಟ್ಟಲೆ ದಾಖಲಾತಿ ಪುಸ್ತಕವನ್ನೂ ಬರೆದವಳು. ಅಕ್ಕ ತಂಗಿ, ಅಣ್ಣ ತಮ್ಮಂದಿರ ಹೆಸರು ಅದಲುಬದಲಾದದ್ದನ್ನು ನೋಡಿದ್ದೇನೆ, ಸರಿ ಮಾಡಿಸಲು ಓಡಾಡಿದ್ದೇನೆ. ಜೋಡಿ ಹೆಸರು ಇಡಬೇಡಿ ಎಂದು ನಾನು ಹೇಳುವುದಿಲ್ಲ. ಎರಡು ಹೆಸರು ಒಟ್ಟಿಗೆ ಕೂಗಿದಾಗ ಕಿವಿಗೆ ಹಿತವಾಗುವುದು ನನಗೂ ಇಷ್ಟ. ಜೋಡಿ ಯಾವ ಜಾಗದಲ್ಲಿ ಕೂಡಬೇಕು, ಯಾವ ಜಾಗದಲ್ಲಿ ಬೇರೆಯಾಗಬೇಕು ಎನ್ನುವುದನ್ನು ಹೆಸರಿಡುವ ಮೊದಲೇ ನೋಡಿಕೊಳ್ಳಬೇಕು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು: ಯಾವುದೆಲ್ಲ ಒಂದೇ ಇರುತ್ತದೆ ಎಂದು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಎರಡು ಮಕ್ಕಳ ದಾಖಲೆಯಲ್ಲಿ ಯಾವುದೆಲ್ಲ ಒಂದೇ ಇರುತ್ತದೆ ಎಂದು ಬರೆಯಿರಿ. ಅಪ್ಪನ ಹೆಸರು, ಅವ್ವನ ಹೆಸರು, ವಿಳಾಸ, ಫೋನ್ ನಂಬರ್, ಹುಟ್ಟಿದ ಜಾಗ. ಬೇರೆ ಬೇರೆ ವರ್ಷ ಹುಟ್ಟಿದ ಮಕ್ಕಳಾದರೆ ಹುಟ್ಟಿದ ದಿನ ಬೇರೆ, ತರಗತಿ ಬೇರೆ. ಹೆಸರಲ್ಲಿ ಗೊಂದಲ ಆದರೂ ಅದನ್ನು ಬಿಡಿಸಲು ದಾರಿ ಇರುತ್ತದೆ. ಅವಳಿಗಳಿಗೆ ಅದೂ ಇಲ್ಲ. ಇಬ್ಬರೂ ಹೆಣ್ಣು ಅಥವಾ ಇಬ್ಬರೂ ಗಂಡಾದರೆ ಕಾಗದದ ಮೇಲೆ ಉಳಿಯುವ ವ್ಯತ್ಯಾಸ ಹೆಸರೊಂದೇ.

ನಮ್ಮ ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು ಮೊದಲು, ಆಮೇಲೆ ಅಪ್ಪನ ಹೆಸರು, ಕೊನೆಗೆ ಮಗುವಿನ ಹೆಸರು. ಅರೆಭಾಷೆ ಗೌಡರಲ್ಲೂ ಮನೆತನದ ಹೆಸರು ಮುಂದೆ ಬರುತ್ತದೆ. ಇನಿಶಿಯಲ್ ಆಗುವುದು ಈ ಮುಂದಿನ ಎರಡು ಹೆಸರುಗಳಿಂದ. ಹಾಗಾಗಿ ಮಕ್ಕಳಿಬ್ಬರ ಇನಿಶಿಯಲ್ ಒಂದೇ. ಹೆಸರಿನ ಕೊನೆಯೂ ನಮ್ಮಲ್ಲಿ ಮೊದಲೇ ಗೊತ್ತಿರುವಂಥದ್ದು. ಗಂಡು ಮಗುವಾದರೆ ಅಪ್ಪ, ಅಯ್ಯ, ಅಣ್ಣ. ಹೆಣ್ಣಾದರೆ ಅಮ್ಮ. ಅಂದರೆ ನಾವು ಪ್ರಾಸ ಹುಡುಕುವುದೇ ಬೇಡ, ಅದು ತಾನಾಗಿಯೇ ಬಂದಿರುತ್ತದೆ. ಮುಂದೆ ಇನಿಶಿಯಲ್ ಒಂದೇ, ಹಿಂದೆ ಬಾಲ ಒಂದೇ. ಮಧ್ಯದ ಒಂದೆರಡು ಅಕ್ಷರ ಮಾತ್ರ ಮಗುವಿಗೆ ಸ್ವಂತ. ಅದನ್ನೂ ಒಂದೇ ಥರ ಮಾಡಿಬಿಟ್ಟರೆ ಕಾಗದ ಓದುವವರಿಗೆ ಹಿಡಿಯಲು ಏನೂ ಉಳಿಯುವುದಿಲ್ಲ.

ಎರಡನೆಯದು: ಆಸ್ಪತ್ರೆಯಲ್ಲೇ ಹೆಸರು ಹೇಳಬೇಕೆಂದು ಇಲ್ಲ

ಹೆಚ್ಚಿನವರು ಎಡವುವುದು ಇಲ್ಲಿ. ಹೆರಿಗೆ ಆದ ಆಸ್ಪತ್ರೆಯಲ್ಲಿ ಜನನದ ಅರ್ಜಿ ತುಂಬಿಸುವಾಗ ಹೆಸರು ಕೇಳುತ್ತಾರೆ. ಅವ್ವ ಇನ್ನೂ ಸುಧಾರಿಸಿಕೊಂಡಿರುವುದಿಲ್ಲ. ಯಾರೋ ಫೋನಿನಲ್ಲಿ ನೋಡಿ 'ಆರವ್, ಆರುಷ್' ಎಂದು ಬರೆಸಿಬಿಡುತ್ತಾರೆ.

ಜನನವನ್ನು 21 ದಿನದೊಳಗೆ ತಿಳಿಸಬೇಕು, ಅದು ನಿಜ. ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಅಷ್ಟು ಕಾಲ ಬಿಡಿ ಎಂದಲ್ಲ. ಮಗುವನ್ನು ತೊಟ್ಟಿಲಿಗೆ ಹಾಕಿ ಹಿರಿಯರು ಹೆಸರು ಕರೆಯುವವರೆಗೆ ಕಾಯಬಹುದು ಎಂದಷ್ಟೆ. ಆ ಕೆಲವು ದಿನ ಯೋಚನೆಗೆ ಸಿಕ್ಕರೆ ಸಾಕು.

ಒಂದು ವಿಷಯ ಗಮನದಲ್ಲಿರಲಿ. ಜನನ ನೋಂದಣಿ ಆಗುವುದು ಮಗು ಹುಟ್ಟಿದ ಊರಲ್ಲಿ, ನಾವಿರುವ ಊರಲ್ಲಿ ಅಲ್ಲ. ಅವಳಿ ಹೆರಿಗೆ ಎಂದರೆ ನಮ್ಮಲ್ಲಿ ಬಹಳ ಜನ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ. ಆಗ ಹೆಸರು ಸೇರಿಸಲು, ತಪ್ಪು ತಿದ್ದಿಸಲು ಅಲ್ಲಿಯ ನೋಂದಣಿ ಕಚೇರಿಯನ್ನೇ ಕೇಳಬೇಕು. ಯಾವ ಕಚೇರಿ, ಯಾವ ಕಾಗದ ತರಬೇಕು ಎಂದು ಡಿಸ್ಚಾರ್ಜ್ ಆಗುವ ದಿನವೇ ಕೇಳಿ ಬರೆದುಕೊಳ್ಳಿ. ಮಡಿಕೇರಿಗೆ ಬಂದು ವಿಚಾರಿಸಿದರೆ ವಾಪಸ್ ಕಳಿಸುತ್ತಾರೆ.

ಮೂರನೆಯದು: ಹೆಸರನ್ನು ನಾಲ್ಕು ಥರ ಬರೆದು ನೋಡಿ

ಇದಕ್ಕೆ ಅರ್ಧ ಗಂಟೆ ಕೊಡಿ. ಮನಸ್ಸಿಗೆ ಬಂದ ಎರಡು ಹೆಸರನ್ನು ಒಂದರ ಕೆಳಗೆ ಒಂದು ಬರೆಯಿರಿ. ಮೊದಲು ಕನ್ನಡದಲ್ಲಿ ಪೂರ್ತಿ. ಆಮೇಲೆ ಇಂಗ್ಲಿಷ್ ದೊಡ್ಡ ಅಕ್ಷರದಲ್ಲಿ ಪೂರ್ತಿ. ಮೂರನೆಯದು, ಇನಿಶಿಯಲ್ ಹಾಕಿ. ನಾಲ್ಕನೆಯದು ಬಹಳ ಮುಖ್ಯ, ಕೊನೆಯ ಪದವನ್ನು ಉಳಿಸಿಕೊಂಡು ಉಳಿದದ್ದನ್ನು ಒಂದಕ್ಷರ ಮಾಡಿ.

ನನ್ನ ತಮ್ಮನ ಮಕ್ಕಳ ಹೆಸರನ್ನೇ ಹಾಗೆ ಬರೆದು ನೋಡೋಣ. ಕನ್ನಡದಲ್ಲಿ ದಿಯಾ, ದಿವ್ಯಾ. ನಡುವೆ ಒಂದು ಒತ್ತಕ್ಷರದ ಅಂತರ ಇದೆ, ಓದುವವರಿಗೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಬರೆದರೆ `DIYA PONNAMMA`, `DIVYA PONNAMMA`. ಒಂದೇ ಒಂದು ಅಕ್ಷರ ಹೆಚ್ಚು. ಪಟ್ಟಿ ಟೈಪ್ ಮಾಡುವವರು ಇದನ್ನು ಕಂಡರೆ ಏನಂದುಕೊಳ್ಳುತ್ತಾರೆ? ಹುಟ್ಟಿದ ದಿನ ಒಂದೇ, ಅಪ್ಪ ಅವ್ವ ಒಂದೇ, ಹೆಸರಲ್ಲಿ ಒಂದಕ್ಷರ ಬಿಟ್ಟುಹೋಗಿದೆ, ಒಬ್ಬಳನ್ನೇ ಎರಡು ಸಲ ಬರೆದಿದ್ದಾರೆ ಎಂದುಕೊಳ್ಳುತ್ತಾರೆ. ಒಂದು ಸಾಲು ಅಳಿಸುತ್ತಾರೆ. ಅವರ ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನೂರು ಹೆಸರಿನ ನಡುವೆ ಕೂತು ನೋಡಿದರೆ ನನಗೂ ಹಾಗೇ ಕಾಣುತ್ತದೆ.

ಮೂರನೆಯ ಬಗೆಯಲ್ಲಿ ಇಬ್ಬರ ಇನಿಶಿಯಲ್ಲೂ ಒಂದೇ. ನಾಲ್ಕನೆಯ ಬಗೆಯಲ್ಲಿ ಇಬ್ಬರೂ `PONNAMMA D` ಆಗಿಬಿಡುತ್ತಾರೆ. ಕೊಡಗಿನ ಹೊರಗೆ ಇದು ಬಹಳ ಆಗುತ್ತದೆ. ಕೊನೆಯ ಪದವನ್ನು ಮನೆತನದ ಹೆಸರು ಎಂದು ತಿಳಿದುಕೊಳ್ಳುವ ಅರ್ಜಿಗಳಿವೆ. ಪೊನ್ನಮ್ಮ ಎನ್ನುವುದು ಅಜ್ಜಿಯಿಂದ ಬಂದ ಮಗುವಿನ ಸ್ವಂತ ಹೆಸರು, ಮನೆತನ ಮುಂದೆಯೇ ಇದೆ ಎಂದು ಆ ಅರ್ಜಿಗೆ ಗೊತ್ತಿಲ್ಲ. ಕಾಲೇಜಿನ ಪಟ್ಟಿ, ಬಸ್ಸು ರೈಲಿನ ಟಿಕೆಟ್, ಲ್ಯಾಬ್ ರಿಪೋರ್ಟ್, ಎಲ್ಲದರಲ್ಲೂ ಹೀಗೆ ಸಂಕ್ಷೇಪ ಆಗಬಹುದು. ಲ್ಯಾಬ್ ರಿಪೋರ್ಟಿನಲ್ಲಿ ಆದರೆ ಒಬ್ಬಳ ರಕ್ತದ ವರದಿ ಇನ್ನೊಬ್ಬಳ ಫೈಲಿಗೆ ಹೋಗುತ್ತದೆ.

ನಾಲ್ಕು ಬಗೆಯಲ್ಲೂ ಎರಡು ಸಾಲು ಬೇರೆಯಾಗಿ ಕಾಣಬೇಕು. ಅದಕ್ಕೆ ಮೊದಲ ಅಕ್ಷರ ಬೇರೆ ಇರಲಿ. ಸಾಧ್ಯವಾದರೆ ಉದ್ದವೂ ಬೇರೆ ಇರಲಿ. ಇಂಗ್ಲಿಷಿಗೆ ಹೋದಾಗ ಕೂಡಿಕೊಳ್ಳುವ ಅಕ್ಷರಗಳನ್ನು ಗಮನಿಸಿ. ನಮ್ಮ ಕಿವಿಗೆ ಲ, ಳ ಬೇರೆ. ನ, ಣ ಬೇರೆ. ಇಂಗ್ಲಿಷಿನಲ್ಲಿ ಎರಡೂ ಒಂದೇ. ತನ್ವಿ, ಧನ್ವಿ ಎನ್ನುವ ಜೋಡಿ ಕಾಗದದಲ್ಲಿ ಬೇರೆ ಬೇರೆ ಕಂಡರೂ ಫೋನಿನಲ್ಲಿ ಒಂದೇ ಆಗುತ್ತದೆ. ಅದಕ್ಕೆ ಒಂದು ಪರೀಕ್ಷೆ ಇದೆ. ಒಬ್ಬರು ತೋಟದ ಆಚೆ ತುದಿಗೆ ಹೋಗಿ ನಿಂತು ಒಂದು ಹೆಸರು ಕೂಗಲಿ. ಇಲ್ಲಾಂದ್ರೆ ಕಕ್ಕಡ ತಿಂಗಳ ಮಳೆ ಹಂಚಿನ ಮೇಲೆ ಸುರಿಯುವಾಗ ಫೋನಿನಲ್ಲಿ ಹೇಳಲಿ. ಯಾವ ಹೆಸರು ಎಂದು ಈ ಕಡೆಯವರಿಗೆ ಮೊದಲ ಸಲಕ್ಕೇ ಗೊತ್ತಾಗಬೇಕು.

ನಾಲ್ಕನೆಯದು: ಜೋಡಿಯನ್ನು ಅರ್ಥದಲ್ಲಿ ಕೂಡಿಸಿ

ಹೋದ ವರ್ಷ ನಮ್ಮ ಹತ್ತಿರದ ಸಂಬಂಧದಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಮೊದಲು ಅವರು ಹೇಳಿದ್ದು ಬೋಪಯ್ಯ, ಬೋಪಣ್ಣ. ಕೇಳಲು ಚೆಂದ. ನಾಲ್ಕು ಬಗೆಯಲ್ಲಿ ಬರೆದು ತೋರಿಸಿದೆ. ಇಂಗ್ಲಿಷಿನ ಮೊದಲ ನಾಲ್ಕು ಅಕ್ಷರ ಒಂದೇ ಬಂತು. ಪಟ್ಟಿ ನೋಡುವವರ ಕಣ್ಣು ಮೊದಲ ಅಕ್ಷರಗಳ ಮೇಲೇ ಓಡುತ್ತದೆ, ಕೊನೆಯವರೆಗೆ ಬರುವುದು ಕಡಿಮೆ. ಉತ್ತಪ್ಪ, ಉತ್ತಯ್ಯ ಎಂದರೂ ಅದೇ ಕಥೆ.

ಆಮೇಲೆ ಅವರ ಅಜ್ಜಿಯೇ ದಾರಿ ತೋರಿಸಿದರು. "ಒಬ್ಬ ಪೊನ್ನು, ಒಬ್ಬ ಮುತ್ತು" ಎಂದರು. ಪೊನ್ನು ಎಂದರೆ ಚಿನ್ನ. ಮುತ್ತು ಮುತ್ತೇ. ಪೊನ್ನಪ್ಪ, ಮುತ್ತಣ್ಣ ಎಂದಾಯಿತು. ಮನೆಯಲ್ಲಿ ಕೂಗುವಾಗ ಪೊನ್ನು, ಮುತ್ತು ಎಂದು ಪೂರ್ತಿ ಪ್ರಾಸ. ಕಾಗದದಲ್ಲಿ ಮೊದಲ ಅಕ್ಷರ ಬೇರೆ, ಕೊನೆ ಬೇರೆ. ನಾಲ್ಕು ಬಗೆಯಲ್ಲಿ ಬರೆದರೂ ಒಂದು ಇನ್ನೊಂದರ ಥರ ಕಾಣುವುದಿಲ್ಲ. ನನಗೆ ಆ ದಿನ ಆದ ಖುಷಿ ಹೇಳತೀರದು.

ಹೆಣ್ಣುಮಕ್ಕಳಿಗೂ ಇದೇ ಥರ ಹುಡುಕಬಹುದು. ಪೊನ್ನಮ್ಮನ ಜೊತೆಗೆ ಬೊಳ್ಳಮ್ಮ ಇದ್ದಾರೆ. ಬೊಳ್ಳಿ ಅಂದರೆ ಬೆಳ್ಳಿ, ಚಿನ್ನಕ್ಕೆ ಜೋಡಿ ತಾನೇ? ಹೊಸ ಹೆಸರು ಬೇಕು ಎನ್ನುವವರು ಭಾಗಮಂಡಲ ನೆನೆಸಿಕೊಳ್ಳಿ. ಅಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ನದಿಗಳು ಕೂಡುತ್ತವೆ. ಕಾವೇರಿ, ಸುಜ್ಯೋತಿ ಎಂದು ಇಟ್ಟರೆ ಒಂದಕ್ಷರವೂ ತಾಕುವುದಿಲ್ಲ. ಆದರೂ ಕೊಡಗಿನವರು ಯಾರು ಕೇಳಿದರೂ ಇವು ಜೋಡಿ ಹೆಸರು ಎಂದು ಹೇಳುತ್ತಾರೆ. ಲವ, ಕುಶ ಎಂದು ನಮ್ಮ ಹಿರಿಯರು ಕರೆಯುತ್ತಿದ್ದದ್ದೂ ಹೀಗೇ ಅಲ್ವಾ? ಜೋಡಿ ಇರುವುದು ಕಥೆಯಲ್ಲಿ, ಅಕ್ಷರದಲ್ಲಿ ಅಲ್ಲ.

ಈಗಿನ ಕಾಲದ ಹೆಸರಿನ ಕೊನೆಗೆ ಅಜ್ಜ ಅಜ್ಜಿಯ ಹೆಸರು ಬಾಲವಾಗಿ ಬರುವುದು ನಮ್ಮಲ್ಲಿ ರೂಢಿ. ಅವಳಿಗಳಿಗೆ ಒಂದೇ ಬಾಲ ಕೊಡಬೇಡಿ. ಒಬ್ಬಳಿಗೆ ಅಪ್ಪನ ಅವ್ವನ ಹೆಸರು, ಇನ್ನೊಬ್ಬಳಿಗೆ ಅವ್ವನ ಅವ್ವನ ಹೆಸರು ಕೊಡಿ. ಎರಡೂ ಮನೆಯ ಹಿರಿಯರಿಗೆ ಸಮಾಧಾನ ಆಗುತ್ತದೆ. ಸಂಕ್ಷೇಪ ಮಾಡಿದಾಗಲೂ ಒಬ್ಬಳು `PONNAMMA`, ಇನ್ನೊಬ್ಬಳು `MUTHAMMA` ಆಗಿ ಉಳಿಯುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಅಜ್ಜನ ಹೆಸರು ಮೊಮ್ಮಗನಿಗೆ ಬರುವಾಗ ಇನಿಶಿಯಲ್ಲೂ ತಿರುಗಿ ಬರಬಹುದು. ಮುತ್ತಣ್ಣನ ಮಗ ಉತ್ತಪ್ಪ. ಉತ್ತಪ್ಪನ ಮಗ ಮುತ್ತಣ್ಣ. ಅವನ ಮಗ ಮತ್ತೆ ಉತ್ತಪ್ಪ. ಒಕ್ಕ ಒಂದೇ, ಅಪ್ಪನ ಹೆಸರು ಒಂದೇ, ಹೆಸರೂ ಒಂದೇ. ಪಹಣಿಯಲ್ಲಿ ಹೆಸರಿರುವುದು ಅಜ್ಜನದೋ ಮೊಮ್ಮಗನದೋ ಎಂದು ಬಿಡಿಸಲು ವಂಶವೃಕ್ಷ ಹಿಡಿದು ಓಡಾಡಬೇಕು. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿಯಲ್ಲಿ ಒಂದೇ ಒಕ್ಕದ ಹಲವು ಹೆಸರು ಒಟ್ಟಿಗೆ ಇರುವುದರಿಂದ ಈ ತೊಡಕು ಇನ್ನೂ ಜಾಸ್ತಿ. ಅಜ್ಜನ ಹೆಸರು ಇಡಿ, ಆದರೆ ಮುಂದೆ ಇನ್ನೊಂದು ಹೆಸರನ್ನೂ ಸೇರಿಸಿ.

ಐದನೆಯದು: ಎರಡು ಅರ್ಜಿ, ಎರಡು ಪ್ರಮಾಣಪತ್ರ

ಅವಳಿಗಳಿಗೆ ಒಂದೇ ಅರ್ಜಿ ಸಾಲದು. ಒಂದೊಂದು ಮಗುವಿಗೂ ಬೇರೆ ಜನನ ವರದಿ ತುಂಬಿಸಬೇಕು. ಅದರ ಷರಾ ಜಾಗದಲ್ಲಿ 'ಅವಳಿ ಜನನ' ಎಂದು ಬರೆಯಬೇಕು ಎಂದು ಅರ್ಜಿಯಲ್ಲೇ ಸೂಚನೆ ಇರುತ್ತದೆ. ಅದನ್ನು ಬರೆದಿದ್ದಾರೋ ಇಲ್ಲವೋ ನೀವೇ ನೋಡಿ. ಮುಂದೆ ಯಾರಾದರೂ ಇದು ಎರಡು ಸಲ ಆದ ನೋಂದಣಿ ಎಂದರೆ ಆ ಎರಡು ಪದವೇ ಉತ್ತರ.

ಎರಡು ಪ್ರಮಾಣಪತ್ರಕ್ಕೂ ಬೇರೆ ನೋಂದಣಿ ಸಂಖ್ಯೆ ಇರುತ್ತದೆ. ಒಟ್ಟಿಗೆ ಮಾಡಿಸಿದರೆ ಸಂಖ್ಯೆಗಳು ಅಕ್ಕಪಕ್ಕ ಬರುವುದೇ ಹೆಚ್ಚು. ಕೊನೆಯ ಅಂಕಿಯಲ್ಲಿ ಮಾತ್ರ ವ್ಯತ್ಯಾಸ ಇರುವುದರಿಂದ ಪೂರ್ತಿ ಸಂಖ್ಯೆಯನ್ನೇ ಓದಿ. ಮನೆಯಲ್ಲಿ ಒಂದು ಪುಸ್ತಕ ಇಟ್ಟು ಮಗುವಿಗೊಂದು ಪುಟ ಮಾಡಿ. ಮೊದಲು ಹುಟ್ಟಿದವರು ಯಾರು, ತೂಕ ಎಷ್ಟು, ರಕ್ತದ ಗುಂಪು ಯಾವುದು, ಆಸ್ಪತ್ರೆಯ ಕಾಗದದಲ್ಲಿ ಒಂದನೇ ಮಗುವೋ ಎರಡನೇ ಮಗುವೋ, ನೋಂದಣಿ ಸಂಖ್ಯೆ ಏನು, ಇಷ್ಟನ್ನು ಬರೆಯಿರಿ. ಆಸ್ಪತ್ರೆಯ ಕಾಗದದಲ್ಲಿ ಮಕ್ಕಳಿಗೆ ಇನ್ನೂ ಹೆಸರಿರುವುದಿಲ್ಲ, 'ಇಂಥವರ ಒಂದನೇ ಅವಳಿ ಮಗು' ಎಂದಷ್ಟೇ ಇರುತ್ತದೆ. ಒಂದನೇ ಮಗು ಯಾವ ಹೆಸರಾಯಿತು ಎನ್ನುವ ಕೊಂಡಿ ನೀವು ಬರೆದರೆ ಮಾತ್ರ ಉಳಿಯುತ್ತದೆ.

ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೂ ಆ ಪುಟದಲ್ಲೇ ತೀರ್ಮಾನಿಸಿ ಬರೆದಿಡಿ. ಪೂವಮ್ಮನಿಗೆ `POOVAMMA` ಎನ್ನುತ್ತೀರೋ `PUVAMMA` ಎನ್ನುತ್ತೀರೋ ಒಂದೇ ಸಲ ಗಟ್ಟಿ ಮಾಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ, ಆಧಾರ್‌ಗೆ, ಪಾಸ್‌ಪೋರ್ಟ್‌ಗೆ, ಮತದಾರರ ಪಟ್ಟಿಗೆ ಹುಟ್ಟಿದ ದಿನದ ಆಧಾರವಾಗಿ ಕೇಳುವುದು ಜನನ ಪ್ರಮಾಣಪತ್ರವನ್ನೇ. ಅಲ್ಲಿ ತಪ್ಪಿದರೆ ಎಲ್ಲ ಕಡೆಯೂ ತಪ್ಪುತ್ತದೆ.

ಆರನೆಯದು: ಆಧಾರ್‌ಗೆ ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗಿ

ಐದು ವರ್ಷದೊಳಗಿನ ಮಗುವಿಗೆ ಆಧಾರ್ ಮಾಡಿಸುವಾಗ ಬೆರಳಚ್ಚು ತೆಗೆಯುವುದಿಲ್ಲ. ಫೋಟೋ, ಹೆಸರು, ಅಪ್ಪ ಅಥವಾ ಅವ್ವನ ಆಧಾರ್, ಇಷ್ಟೇ. ಐದು ತುಂಬಿದಾಗ ಬೆರಳು, ಕಣ್ಣಿನ ಪಾಪೆ ಕೊಡಬೇಕು. ಹದಿನೈದಕ್ಕೆ ಮತ್ತೊಮ್ಮೆ. ನೋಡಲು ಎಷ್ಟೇ ಒಂದೇ ಥರ ಇದ್ದರೂ ಅವಳಿಗಳ ಬೆರಳಚ್ಚು ಬೇರೆ ಬೇರೆ. ಹಾಗಾಗಿ ಐದನೇ ವರ್ಷದ ಆ ದಿನ ಸರಿಯಾಗಿ ಆದರೆ ಮುಂದಿನ ಗೊಂದಲಕ್ಕೆಲ್ಲ ಅದೇ ಮದ್ದು. ತಪ್ಪಿದರೆ ನಮ್ಮ ಹುಡುಗಿಯರಿಗೆ ಆದ ಹಾಗೆ ಆಗುತ್ತದೆ.

ಬೇರೆ ಬೇರೆ ದಿನ ಹೋಗಿ. ಒಂದೇ ದಿನ ಹೋಗಲೇಬೇಕಾದರೆ ಒಬ್ಬಳನ್ನು ಹೊರಗೆ ಕೂರಿಸಿ. ಒಳಗೆ ಹೋದ ಮಗುವಿನ ಆಧಾರ್ ಒಂದನ್ನೇ ಕೈಯಲ್ಲಿ ಹಿಡಿಯಿರಿ, ಎರಡೂ ಕಾರ್ಡು ಮೇಜಿನ ಮೇಲೆ ಇಡಬೇಡಿ. ಕೊನೆಗೆ ಕೊಡುವ ರಸೀದಿಯಲ್ಲಿ ನಂಬರ್ ಓದಿ, ಆಮೇಲೆ ಎದ್ದೇಳಿ.

ನಮ್ಮದನ್ನು ಸರಿ ಮಾಡಿಸಲು ಇಬ್ಬರನ್ನೂ ಕರೆದುಕೊಂಡು ಹೋಗಿ ಹೊಸದಾಗಿ ಬೆರಳು ಕೊಡಿಸಿದೆವು. ಅರ್ಜಿ ತಿರಸ್ಕಾರವಾಯಿತು. ದಿಯಾಳ ನಿಜವಾದ ಬೆರಳು ಆಗಲೇ ದಿವ್ಯಾಳ ನಂಬರಿನಲ್ಲಿ ಇತ್ತಲ್ಲ, ಇದು ಬೇರೆಯವರ ಬೆರಳು ಎಂದು ಹಿಂದೆ ಬಂತು. ಅಂಥದ್ದು ಊರಿನ ಕೇಂದ್ರದಲ್ಲಿ ಮುಗಿಯುವುದಿಲ್ಲ. 1947ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಎರಡು ಜನನ ಪ್ರಮಾಣಪತ್ರ, ಎರಡು ಆಧಾರ್, ಹಳೆಯ ರಸೀದಿ ಹಿಡಿದು ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ ಮಕ್ಕಳ ಜೊತೆ ಹೋಗಬೇಕಾಯಿತು. ಅಲ್ಲಿ ಒಂದನ್ನು ಇನ್ನೊಂದರಿಂದ ಬಿಡಿಸಿಕೊಟ್ಟರು.

ಆ ಗಡಿಬಿಡಿಯಲ್ಲಿ ಒಬ್ಬಳ ಹೆಸರನ್ನೇ ಬದಲಿಸಿಬಿಡೋಣ ಎಂದು ತಮ್ಮ ಹೊರಟಿದ್ದ. ನಾನು ತಡೆದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಜೀವನದಲ್ಲಿ ಎರಡೇ ಅವಕಾಶ. ಹೆಣ್ಣುಮಕ್ಕಳಿಗೆ ಮದುವೆಯಾದ ಮೇಲೆ ಒಂದು ಬೇಕಾಗಬಹುದು. ತಪ್ಪಿದ್ದು ಬೆರಳು, ಹೆಸರಲ್ಲ.

ಕೊನೆಯದಾಗಿ: ಶಾಲೆಯಲ್ಲಿ

ಹೆಸರು ಈಗಾಗಲೇ ಒಂದೇ ಥರ ಇಟ್ಟಿದ್ದರೆ ಶಾಲೆಗೆ ಸೇರಿಸುವ ದಿನವೇ ಇವರು ಅವಳಿಗಳು ಎಂದು ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ದಾಖಲಾತಿ ಪುಸ್ತಕದ ಷರಾದಲ್ಲಿ ಬರೆಸಿ. ಇಬ್ಬರ ಎಸ್‌ಎಟಿಎಸ್ ಸಂಖ್ಯೆಯನ್ನೂ, ಅಂದರೆ ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆಯನ್ನೂ, ಮನೆಯ ಪುಸ್ತಕದ ಅವರವರ ಪುಟಕ್ಕೆ ಬರೆದುಕೊಳ್ಳಿ. ಯಾವ ಅರ್ಜಿ ಕೊಟ್ಟರೂ ಹೆಸರಿನ ಜೊತೆ ಆ ಸಂಖ್ಯೆ ಹಾಕಿ. ಎರಡು ಸೆಕ್ಷನ್ ಇರುವ ಶಾಲೆಯಾದರೆ ಬೇರೆ ಬೇರೆ ಸೆಕ್ಷನ್ ಕೇಳಿ. ಹಾಜರಿ, ಅಂಕಪಟ್ಟಿ ಎರಡೂ ಬೇರೆ ಪುಸ್ತಕದಲ್ಲಿ ಇದ್ದರೆ ಅರ್ಧ ಗೊಂದಲ ಅಲ್ಲೇ ನಿಲ್ಲುತ್ತದೆ.

ಚುಚ್ಚುಮದ್ದಿನ ದಾಖಲೆಯಲ್ಲೂ ಇದೇ ಕ್ರಮ. ತಾಯಿ ಕಾರ್ಡಿನಲ್ಲಿ ಯಾವ ಮಗುವಿಗೆ ಯಾವ ತಾರೀಕು ಹಾಕಿದರು ಎಂದು ಆಶಾ ಕಾರ್ಯಕರ್ತೆ ಬರೆಯುವಾಗ ಪಕ್ಕದಲ್ಲಿ ನಿಂತು ನೋಡಿ. ಒಂದು ಮಗುವಿಗೆ ಜ್ವರ ಇದ್ದು ಆ ದಿನ ಬಿಟ್ಟಿದ್ದರೆ ಮಾತ್ರ ಇಬ್ಬರ ತಾರೀಕು ಬೇರೆಯಾಗುತ್ತದೆ, ತಪ್ಪುವುದೂ ಆಗಲೇ.

ಎಸ್‌ಎಸ್‌ಎಲ್‌ಸಿ ವರ್ಷ ಜಾಸ್ತಿ ಜಾಗ್ರತೆ ಬೇಕು. ಪರೀಕ್ಷೆಗೆ ಮೊದಲು ಮಕ್ಕಳ ಹೆಸರಿನ ಪಟ್ಟಿ ಮಂಡಳಿಗೆ ಹೋಗುತ್ತದೆ. ಹೋಗುವ ಮೊದಲು ಶಾಲೆಯಲ್ಲಿ ತೋರಿಸಿ ಸಹಿ ಹಾಕಿಸುತ್ತಾರೆ. ಮಗು ಒಬ್ಬಳೇ ನೋಡಿದರೆ ಸಾಲದು. ಅಪ್ಪನೋ ಅವ್ವನೋ ಜನನ ಪ್ರಮಾಣಪತ್ರ ಹಿಡಿದು ಹೋಗಿ ಅಕ್ಷರ ಅಕ್ಷರ ನೋಡಬೇಕು. ಹೆಸರಿನ ಎದುರಿಗಿರುವ ಫೋಟೋ ಅವಳದ್ದೇನಾ ಎಂದು ನೋಡಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸಬೇಕಾದರೆ ಶಾಲೆಯ ಮೂಲಕ ಮಂಡಳಿಗೆ ಅರ್ಜಿ ಹೋಗಿ ಬರಬೇಕು, ಅಷ್ಟರಲ್ಲಿ ಪಿಯುಸಿ ಸೇರುವ ದಿನ ಬಂದಿರುತ್ತದೆ.

ನಮ್ಮ ಹುಡುಗಿಯರ ಸರದಿ ಬಂದಾಗ ನಾನೇ ಹೋಗಿದ್ದೆ. ಫೋಟೋ ತೋರಿಸಿ ಇದು ಯಾರದ್ದು ಎಂದು ಗುಮಾಸ್ತರು ಕೇಳಿದರು. ದಿವ್ಯಾಳ ಎಡ ಹುಬ್ಬಿನ ತುದಿಯಲ್ಲಿ ಸಣ್ಣ ಗಾಯದ ಗುರುತು ಇದೆ, ತೋಟದ ಬೇಲಿ ಹಾರುವಾಗ ಆದದ್ದು. ಅದನ್ನು ತೋರಿಸಿದೆ. ಅವರು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಆ ಸಾಲಿನ ಎದುರು ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದರು.